ಮಳೆಗಾಲದ ಓಡಾಟಕ್ಕೆ ಕೊಡೆ ಮತ್ತು ರೇನ್‌ಕೋಟ್: ಅಂಗಡಿಯಲ್ಲೇ ಪರೀಕ್ಷಿಸಿ ಕೊಳ್ಳುವ ಕ್ರಮ

ಜೂನ್ ಮೂರನೇ ವಾರ ಬಂತೆಂದರೆ ಓದುಗರಿಂದ ಎರಡು ದೂರು ಬರುತ್ತವೆ. "ಹೊಸ ಕೊಡೆ, ಎರಡು ವಾರಕ್ಕೇ ಕಡ್ಡಿ ಮುರಿಯಿತು" ಅನ್ನುವುದು ಒಂದು. "ವಾಟರ್‌ಪ್ರೂಫ್ ಅಂತ ನೋಡಿಯೇ ಕೊಂಡೆ, ಆಫೀಸಿಗೆ ಹೋಗಿ ಇಳಿದರೆ ಪ್ಯಾಂಟ್ ಪೂರ್ತಿ ಒದ್ದೆ" ಅನ್ನುವುದು ಇನ್ನೊಂದು. ಮುಂದಿನ ವರ್ಷ ಅವರೇ ಇನ್ನೂ ಇನ್ನೂರು ರೂಪಾಯಿ ಜಾಸ್ತಿ ಕೊಟ್ಟು ಅಂಥದ್ದನ್ನೇ ಕೊಳ್ಳುತ್ತಾರೆ, ಅದೇ ದೂರು ಮತ್ತೆ ಬರುತ್ತದೆ.

ಕೊಳ್ಳುವಾಗ ನಾವು ಮುಟ್ಟಿ ನೋಡುವುದು ಬಟ್ಟೆಯನ್ನು. ಆದರೆ ಕೊಡೆ ಕೆಡುವುದು ಕಡ್ಡಿಗೆ ಕಡ್ಡಿ ಸೇರುವ ಕೀಲಿನಲ್ಲಿ. ರೇನ್‌ಕೋಟ್ ಸೋರುವುದು ಬಟ್ಟೆಗೆ ಬಟ್ಟೆ ಸೇರುವ ಹೊಲಿಗೆಯಲ್ಲಿ. ಹಾಗಾಗಿ ಕೆಳಗಿನ ಹಂತಗಳಲ್ಲಿ ಬಟ್ಟೆಗಿಂತ ಜಾಸ್ತಿ ಹೊತ್ತು ಜೋಡಣೆಗಳನ್ನೇ ನೋಡುತ್ತೇವೆ. ಲೆಕ್ಕ ಹಾಕಿರುವುದು ಕರಾವಳಿಯ ಗಾಳಿಮಳೆಗೆ. ಬೆಂಗಳೂರಿನ ಸಂಜೆ ಮಳೆಗೆ ಎಲ್ಲಿ ಬೇರೆ ಮಾತು ಬೇಕೋ ಅಲ್ಲಿ ಹೇಳಿದ್ದೇನೆ.

## ಹಂತ 1: ಮೊದಲು ನಿಮ್ಮ ದಾರಿಯನ್ನು ತುಂಡು ಮಾಡಿ ನೋಡಿ

ಮನೆಯಿಂದ ಕೆಲಸದ ಜಾಗದವರೆಗಿನ ದಾರಿಯನ್ನು ಮೂರು ತುಂಡು ಮಾಡಿ: ನಡೆಯುವುದು, ಬಸ್ಸಿನಲ್ಲಿ ಹೋಗುವುದು, ದ್ವಿಚಕ್ರ ವಾಹನದಲ್ಲಿ ಹೋಗುವುದು. ನಡೆಯುವ ಮತ್ತು ಬಸ್ಸಿನ ತುಂಡಿಗೆ ಕೊಡೆ ಬೇಕು, ಗಾಡಿಯ ತುಂಡಿಗೆ ರೇನ್‌ಕೋಟ್ ಬೇಕು. ಒಂದರಿಂದಲೇ ಎರಡೂ ಕೆಲಸ ಆಗಲಿ ಅಂತ ಹೊರಟರೆ ಎರಡೂ ಅರ್ಧಂಬರ್ಧ ಆಗುತ್ತದೆ.

ಗಾಡಿಯಲ್ಲಿ ಹಿಂದೆ ಕೂತವರು ಕೊಡೆ ಹಿಡಿಯುವುದು ನಮ್ಮಲ್ಲಿ ಸಾಮಾನ್ಯ ನೋಟ. ಅದನ್ನು ಪೂರ್ತಿ ಬಿಟ್ಟುಬಿಡಿ. ಗಾಳಿ ಕೊಡೆಯನ್ನು ಹಿಂದಕ್ಕೆ ಎಳೆದಾಗ ಹಿಡಿದವರೂ ಅದರ ಜೊತೆ ಹಿಂದಕ್ಕೆ ಹೋಗುತ್ತಾರೆ. ಎಷ್ಟು ಜೋರಾಗಿ ಎಳೆಯುತ್ತದೆ ಅನ್ನುವ ಲೆಕ್ಕ ಹಂತ 5ರಲ್ಲಿದೆ.

ಇಡೀ ಬರಹಕ್ಕೆ ಒಂದು ಉದಾಹರಣೆ ಇಟ್ಟುಕೊಳ್ಳೋಣ. ನಮ್ಮ ಅಕ್ಕನ ಮಗಳು ಸುರತ್ಕಲ್‌ನಿಂದ ಮಂಗಳೂರಿನ ಹಂಪನಕಟ್ಟೆಗೆ ಸ್ಕೂಟರ್‌ನಲ್ಲಿ ಹೋಗಿ ಬರುತ್ತಾಳೆ. ರಾಷ್ಟ್ರೀಯ ಹೆದ್ದಾರಿ 66ರಲ್ಲಿ ದಕ್ಷಿಣಕ್ಕೆ ಹೋಗುವಾಗ ಸಮುದ್ರ ಅವಳ ಬಲಕ್ಕಿರುತ್ತದೆ, ಮಳೆಗಾಲದ ಗಾಳಿಯೂ ಆ ಕಡೆಯಿಂದಲೇ. ಕೂಳೂರು ಸೇತುವೆಯ ಮೇಲೆ ಗಾಳಿಗೆ ಅಡ್ಡ ಏನೂ ಇಲ್ಲ. ಸ್ಕೂಟರ್ ನಿಲ್ಲಿಸಿದ ಮೇಲೆ ಆಫೀಸಿಗೆ ಐದು ನಿಮಿಷದ ನಡಿಗೆ. ಅಂದರೆ ಅವಳು ಮುಖ್ಯವಾಗಿ ದುಡ್ಡು ಹಾಕಬೇಕಾದದ್ದು ರೇನ್‌ಕೋಟಿಗೆ. ಕೊಡೆ ಸೀಟಿನ ಕೆಳಗೆ ಹಿಡಿಸುವಷ್ಟು ಚಿಕ್ಕದಾದರೂ ಸಾಕು. ಬಸ್ಸಿಗೆ ಹೋಗುವವರಿಗೆ ಈ ಲೆಕ್ಕ ಪೂರ್ತಿ ಉಲ್ಟಾ.

## ಹಂತ 2: ಅಂಗಡಿಗೆ ಒಯ್ಯಬೇಕಾದ ಸಾಮಾನು

ದರ್ಜಿಯ ಅಳತೆ ಟೇಪು, ಫ್ರಿಜ್ ಬಾಗಿಲಿಗೆ ಅಂಟಿಸುವಂಥ ಸಣ್ಣ ಅಯಸ್ಕಾಂತ, ಒಂದು ಬಾಟಲಿ ನೀರು, ಮೊಬೈಲಿನ ಟಾರ್ಚು. ಇಷ್ಟು ಸಾಕು. ಗಾಡಿಯವರು ತಮ್ಮ ಹೆಲ್ಮೆಟ್ ಮತ್ತು ದಿನಾ ಹಾಕುವ ಬ್ಯಾಗನ್ನೂ ಒಯ್ಯಬೇಕು. ಅವಿಲ್ಲದೆ ಹಾಕಿ ನೋಡಿದ ರೇನ್‌ಕೋಟಿನ ಅಳತೆಗೆ ಅರ್ಥವಿಲ್ಲ.

ಸಾಧ್ಯವಾದರೆ ಮೇ ತಿಂಗಳಲ್ಲೇ ಹೋಗಿ. ಜೂನ್ ಮೊದಲ ಮಳೆಯ ಸಂಜೆ ಅಂಗಡಿಯವರಿಗೆ ಕೊಡೆ ಬಿಚ್ಚಿ ತೋರಿಸುವಷ್ಟು ಪುರುಸೊತ್ತು ಇರುವುದಿಲ್ಲ, ನಿಮಗೂ ತಾಳ್ಮೆ ಇರುವುದಿಲ್ಲ.

## ಹಂತ 3: ಕೊಡೆಯ ಚೌಕಟ್ಟು

ಕೊಡೆಯಲ್ಲಿ ಇದೇ ಮುಖ್ಯ, ಹಾಗಾಗಿ ಸ್ವಲ್ಪ ನಿಧಾನವಾಗಿ ನೋಡೋಣ.

ಮಡಿಕೆ ಎಷ್ಟು? ಉದ್ದ ಕೊಡೆಯಲ್ಲಿ ಪ್ರತಿ ಕಡ್ಡಿ ನಡುವಿನಿಂದ ತುದಿಯವರೆಗೆ ಒಂದೇ ತುಂಡು. ಎರಡು ಮಡಿಕೆಯ ಕೊಡೆಯಲ್ಲಿ ಒಂದೊಂದು ಕಡ್ಡಿಗೂ ಒಂದು ಮಡಚುವ ಕೀಲು ಸೇರುತ್ತದೆ, ಮೂರು ಮಡಿಕೆಯದರಲ್ಲಿ ಇನ್ನೊಂದು. ಎಂಟು ಕಡ್ಡಿಯ ಮೂರು ಮಡಿಕೆ ಕೊಡೆಯಲ್ಲಿ ಬರೀ ಮಡಚುವ ಕೀಲುಗಳೇ ಹದಿನಾರು. ಗಾಳಿ ಬಂದಾಗ ಅದರಲ್ಲಿ ಒಂದು ಸೋತರೂ ಆ ಭಾಗದ ಬಟ್ಟೆ ಸಡಿಲವಾಗಿ, ಪಕ್ಕದ ಕಡ್ಡಿಗಳ ಮೇಲೆ ಭಾರ ಬೀಳುತ್ತದೆ. ಒಂದು ಕಡ್ಡಿ ಮುರಿದ ಮಾರನೇ ದಿನ ಪಕ್ಕದ್ದೂ ಮುರಿಯುವುದು ಇದಕ್ಕೇ. ನಡೆಯುವ ದಾರಿ ಹತ್ತು ನಿಮಿಷಕ್ಕಿಂತ ಜಾಸ್ತಿ ಇದ್ದರೆ, ಅದೂ ಬಯಲಿನಲ್ಲಿ ಇದ್ದರೆ, ಉದ್ದ ಕೊಡೆಯನ್ನೇ ಕೊಳ್ಳಿ. ಬಸ್ಸಿನಲ್ಲಿ ಇಟ್ಟುಕೊಳ್ಳುವುದು ರಗಳೆ, ಮರೆತು ಇಳಿಯುವುದೂ ಸುಲಭ. ಆದರೂ ಗಾಳಿಗೆ ಅದಕ್ಕೆ ಸಮ ಇಲ್ಲ.

ಕಡ್ಡಿ ಯಾವುದರದ್ದು? ಇಲ್ಲಿ ಅಯಸ್ಕಾಂತ ಕೆಲಸಕ್ಕೆ ಬರುತ್ತದೆ. ಅಂಟಿದರೆ ಉಕ್ಕು. ಅಂಟದೆ ಬೆಳ್ಳಗೆ ಹೊಳೆದರೆ ಬಹುಮಟ್ಟಿಗೆ ಅಲ್ಯೂಮಿನಿಯಂ. ಅಂಟದೆ, ಗುಂಡಗೆ ಗಟ್ಟಿ ಕೋಲಿನ ಹಾಗೆ ಕಪ್ಪಾಗಿಯೋ ಬಿಳಿಯಾಗಿಯೋ ಇದ್ದರೆ ಫೈಬರ್ ಗ್ಲಾಸ್. ಉಕ್ಕಿನ ಕಡ್ಡಿ ಬಲವಾದದ್ದೇ, ಆದರೆ ಕಡಲ ತೀರದ ಉಪ್ಪಿನ ಗಾಳಿಗೆ ಕೀಲುಗಳಲ್ಲಿ ಬೇಗ ತುಕ್ಕು ಹಿಡಿಯುತ್ತದೆ. ಅಲ್ಯೂಮಿನಿಯಂ ಹಗುರ. ಆದರೆ ಒಮ್ಮೆ ಬಾಗಿತೆಂದರೆ ಬಾಗಿಯೇ ಇರುತ್ತದೆ, ಎಳೆದು ನೇರ ಮಾಡಿದರೆ ಅದೇ ಜಾಗದಲ್ಲಿ ಮುರಿಯುತ್ತದೆ. ಫೈಬರ್ ಬಾಗಿ ಮತ್ತೆ ನೆಟ್ಟಗಾಗುತ್ತದೆ, ತುಕ್ಕಂತೂ ಇಲ್ಲ.

ಆದರೆ "ಫೈಬರ್ ಕೊಡೆ" ಅಂತ ಚೀಟಿ ಇದ್ದ ಮಾತ್ರಕ್ಕೆ ನಂಬಬೇಡಿ. ಬಹಳಷ್ಟು ಮೂರು ಮಡಿಕೆ ಕೊಡೆಗಳಲ್ಲಿ ಕಡ್ಡಿಯ ಹೊರ ತುಂಡು ಮಾತ್ರ ಫೈಬರ್, ಒಳಗಿನ ತುಂಡುಗಳು ತೆಳು ಲೋಹದವು. ಇದು ಪೂರ್ತಿ ಮೋಸವೇನಲ್ಲ, ಹೆಚ್ಚು ಬಾಗುವುದು ಹೊರ ತುಂಡೇ. ಆದರೆ ಫೈಬರ್ ಎಲ್ಲಿ ಲೋಹಕ್ಕೆ ಸೇರುತ್ತದೋ ಅಲ್ಲೇ ಕೊಡೆ ಸೋಲುತ್ತದೆ. ಆ ಜಾಗಕ್ಕೆ ಟಾರ್ಚ್ ಹಾಕಿ ನೋಡಿ. ಫೈಬರ್ ಕೋಲಿಗೆ ತೂತು ಕೊರೆದು ನೇರವಾಗಿ ರಿವೆಟ್ ಹೊಡೆದಿದ್ದರೆ ಆ ತೂತಿನಿಂದಲೇ ಉದ್ದಕ್ಕೆ ಸೀಳು ಬಿಡುತ್ತದೆ. ಲೋಹದ ಅಥವಾ ಗಟ್ಟಿ ಪ್ಲಾಸ್ಟಿಕ್ಕಿನ ಸಣ್ಣ ಕೊಳವೆಯೊಳಗೆ ಕೋಲನ್ನು ಕೂರಿಸಿ, ಆ ಕೊಳವೆಗೆ ರಿವೆಟ್ ಹೊಡೆದಿದ್ದರೆ ಒಳ್ಳೆಯದು.

ನಡುವಿನ ಕೋಲು ಎಷ್ಟು ದಪ್ಪ? ಟೇಪನ್ನು ಕೋಲಿಗೆ ಒಂದು ಸುತ್ತು ಸುತ್ತಿ. ಸುತ್ತಳತೆ 25 ಮಿಲಿಮೀಟರ್ ಬಂದರೆ ಕೋಲಿನ ದಪ್ಪ 8 ಮಿಲಿಮೀಟರ್, 31 ಬಂದರೆ 10, 44 ಬಂದರೆ 14. ಉದ್ದ ಕೊಡೆಗೆ ನಾನು 10ಕ್ಕಿಂತ ಕಡಿಮೆಯದನ್ನು ಕೊಳ್ಳಲು ಹೇಳುವುದಿಲ್ಲ. ಮಡಚುವ ಕೊಡೆಯಲ್ಲಿ ಕೋಲೇ ಒಂದರೊಳಗೊಂದು ಜಾರುವ ಕೊಳವೆಗಳು, ಅಲ್ಲಿ ದಪ್ಪಕ್ಕಿಂತ ಅಲುಗಾಟ ನೋಡಬೇಕು. ಪೂರ್ತಿ ಬಿಚ್ಚಿ, ಒಂದು ಕೈಯಲ್ಲಿ ಹಿಡಿ, ಇನ್ನೊಂದು ಕೈಯಲ್ಲಿ ಮೇಲಿನ ತುದಿ ಹಿಡಿದು ಮೆಲ್ಲಗೆ ಅಡ್ಡಡ್ಡ ಆಡಿಸಿ. ಸ್ವಲ್ಪ ಆಟ ಇದ್ದೇ ಇರುತ್ತದೆ. ಕೊಳವೆಗಳು ಸೇರುವಲ್ಲಿ ಕಟಕಟ ಸದ್ದು ಬಂದರೆ ಅಥವಾ ಅಲ್ಲಿ ಕೋಲು ಕಣ್ಣಿಗೆ ಕಾಣುವಷ್ಟು ಮಣಿದರೆ ವಾಪಸ್ ಇಡಿ.

ಗುಂಡಿ ಒತ್ತಿದರೆ ಬಿಚ್ಚುವುದು, ಮುಚ್ಚುವುದು. ಬಸ್ಸಿನಿಂದ ಇಳಿಯುವಾಗ ಒಂದೇ ಕೈಯಲ್ಲಿ ಬಿಚ್ಚಲು ಆಗಬೇಕು, ಅಷ್ಟು ಸೌಕರ್ಯ ನ್ಯಾಯವೇ. ಆದರೆ ಗುಂಡಿ ಒತ್ತಿದರೆ ಮುಚ್ಚಿಯೂ ಕೊಳ್ಳುವ ಕೊಡೆಯ ಹೊಟ್ಟೆಯಲ್ಲಿ ದಾರ, ಬಿಗಿ ಸ್ಪ್ರಿಂಗ್, ಕೊಕ್ಕೆ ಎಲ್ಲ ಇರುತ್ತವೆ. ಮುಚ್ಚಿದ ಮೇಲೆ ಕೋಲನ್ನು ಒತ್ತಿ ಒಳಗೆ ತಳ್ಳುವಾಗ ಕೈ ಜಾರಿದರೆ ಹಿಡಿ ರಪ್ಪನೆ ಹಿಂದಕ್ಕೆ ಬರುತ್ತದೆ. ಮಕ್ಕಳಿಗೆ, ವಯಸ್ಸಾದವರಿಗೆ ಅದು ಬೇಡ.

ಮೂರು ಪರೀಕ್ಷೆ. ಒಂದು, ಕೊಡೆ ಬಿಚ್ಚಿ ತಲೆಕೆಳಗಾಗಿ ಹಿಡಿದು ಎಲ್ಲಾ ಕಡ್ಡಿಗಳ ಬಾಗು ಒಂದೇ ರೀತಿ ಇದೆಯಾ ನೋಡಿ. ಒಂದು ಕಡ್ಡಿ ಬೇರೆಯವಕ್ಕಿಂತ ಚಪ್ಪಟೆಯಾಗಿದ್ದರೆ ಅಲ್ಲಿ ಬಟ್ಟೆ ಎಳೆದು ಹೊಲಿದಿದ್ದಾರೆ ಎಂದರ್ಥ. ಎರಡು, ಒಂದು ಕಡ್ಡಿಯ ತುದಿಯನ್ನು ಬೆರಳಲ್ಲಿ ಎರಡು ಇಂಚು ಒಳಕ್ಕೆ ಬಾಗಿಸಿ ಬಿಡಿ. ತಕ್ಷಣ ಮೊದಲಿನ ಜಾಗಕ್ಕೆ ಬರಬೇಕು. ಮೂರು, ಒಳಗಿನಿಂದ ನೋಡಿದಾಗ ಬಟ್ಟೆಯನ್ನು ಪ್ರತಿ ಕಡ್ಡಿಗೂ ನಡುವೆ ಒಂದೆರಡು ಕಡೆ ದಾರದಲ್ಲಿ ಕಟ್ಟಿರಬೇಕು. ಬರೀ ತುದಿಗೆ ಮಾತ್ರ ಕಟ್ಟಿದ್ದರೆ ಗಾಳಿ ಬಟ್ಟೆಯನ್ನು ಕಡ್ಡಿಯಿಂದ ಎತ್ತಿ ಬಡಿಯುತ್ತದೆ. ಈ ಮೂರನೆಯದನ್ನು ಹೆಚ್ಚಿನವರು ನೋಡುವುದೇ ಇಲ್ಲ.

ಕಡ್ಡಿ ಎಂಟೋ ಹತ್ತೋ ಹದಿನಾರೋ ಅನ್ನುವುದು ಆಮೇಲಿನ ಮಾತು. ತೆಳು ಕಡ್ಡಿ ಹದಿನಾರು ಇರುವುದಕ್ಕಿಂತ ಗಟ್ಟಿ ಕೀಲಿನ ಎಂಟು ಮೇಲು.

## ಹಂತ 4: ಕೊಡೆಯ ಅಳತೆ ಮತ್ತು ಬಟ್ಟೆ

ಚೀಟಿಯಲ್ಲಿ 21 ಇಂಚು, 23 ಇಂಚು ಅಂತ ಇರುವುದು ಕಡ್ಡಿಯ ಉದ್ದ, ಬಿಚ್ಚಿದ ಕೊಡೆಯ ಅಗಲ ಅಲ್ಲ. 23 ಇಂಚಿನ ಕೊಡೆ ಬಿಚ್ಚಿದರೆ ಅಡ್ಡಕ್ಕೆ ಹೆಚ್ಚುಕಡಿಮೆ ಒಂದು ಮೀಟರ್. ಬೆನ್ನಿಗೆ ಬ್ಯಾಗ್ ಇರುವ ಒಬ್ಬರಿಗೆ ಅದು ಸರಿಯಾದ ಅಳತೆ. ಇನ್ನೂ ದೊಡ್ಡದು ಸಿಕ್ಕರೆ ಒಳ್ಳೆಯದಲ್ವಾ ಅಂತ ಅನ್ನಿಸಬಹುದು. ದೊಡ್ಡದಾದಷ್ಟೂ ಗಾಳಿಗೆ ಸಿಗುವ ಜಾಗ ಜಾಸ್ತಿ, ಫುಟ್‌ಪಾತಿನಲ್ಲಿ ಎದುರಿನವರ ಕಣ್ಣಿಗೆ ಚುಚ್ಚುವುದೂ ಜಾಸ್ತಿ.

ಬಟ್ಟೆಯಲ್ಲಿ ಪಾಂಜಿ ಅನ್ನುವ ದಟ್ಟ ನೇಯ್ಗೆಯ ಪಾಲಿಯೆಸ್ಟರ್ ಸಿಕ್ಕರೆ ಅದನ್ನು ತೆಗೆದುಕೊಳ್ಳಿ. ಮುಟ್ಟಿದರೆ ಮೆತ್ತಗೆ, ಹತ್ತಿಯ ಹಾಗೆ ಅನ್ನಿಸುತ್ತದೆ, ಸರಸರ ಸದ್ದು ಕಡಿಮೆ. ನೈಲಾನ್ ನೆನೆದಾಗ ಸ್ವಲ್ಪ ಹಿಗ್ಗಿ ಜೋಲುತ್ತದೆ. 190ಟಿ, 210ಟಿ ಅಂತ ಬರೆದಿದ್ದರೆ ಅದು ಒಂದು ಇಂಚು ಚೌಕದಲ್ಲಿರುವ ಎಳೆಗಳ ಲೆಕ್ಕ. ಒಂದೇ ಬಗೆಯ ನೂಲಾದರೆ, ಜಾಸ್ತಿ ಇದ್ದಷ್ಟೂ ದಟ್ಟ.

ಅಂಗಡಿಯಲ್ಲೇ ಬಟ್ಟೆ ನೋಡಲು ಟಾರ್ಚು ಮತ್ತು ನೀರು ಸಾಕು. ಒಳಗಿನಿಂದ ಟಾರ್ಚ್ ಹಿಡಿದು ಹೊರಗಿನಿಂದ ನೋಡಿ. ಹೊಲಿಗೆಯ ಸಾಲಿನಲ್ಲಿ ಸೂಜಿ ತೂತುಗಳು ಚುಕ್ಕಿ ಚುಕ್ಕಿಯಾಗಿ ಬೆಳಗಿದರೆ ಜೋರು ಮಳೆಯಲ್ಲಿ ಕೊಡೆಯೊಳಗೇ ತುಂತುರು ಬೀಳುತ್ತದೆ. ಆಮೇಲೆ ಅಂಗಡಿಯವರನ್ನು ಕೇಳಿಕೊಂಡು ನಾಲ್ಕು ಹನಿ ನೀರು ಹಾಕಿ. ಹನಿ ಗುಂಡಗೆ ಉರುಳಿದರೆ ಮೇಲಿನ ಲೇಪನ ಚೆನ್ನಾಗಿದೆ. ಆದರೆ ಈ ಲೇಪನ ಉಜ್ಜಿದಂತೆ ಹೋಗುವಂಥದ್ದು, ನೇಯ್ಗೆಯೇ ದಟ್ಟವಾಗಿಲ್ಲದಿದ್ದರೆ ಅದನ್ನು ನಂಬಿ ಪ್ರಯೋಜನವಿಲ್ಲ. ಒಳಗಡೆ ಬೆಳ್ಳಿ ಬಣ್ಣದ ಲೇಪನ ಇರುವುದು ಮುಖ್ಯವಾಗಿ ಬಿಸಿಲಿಗೆ. ಮಡಿಕೆಯ ಗೆರೆಗಳಲ್ಲಿ ಅದು ಉದುರುತ್ತಾ ಹೋಗುತ್ತದೆ.

## ಹಂತ 5: ಗಾಳಿಯ ಲೆಕ್ಕ

ಗಾಳಿಯ ವೇಗ ಎರಡು ಪಟ್ಟಾದರೆ ಕೊಡೆಯ ಮೇಲಿನ ಒತ್ತಡ ಎರಡು ಪಟ್ಟಲ್ಲ, ನಾಲ್ಕು ಪಟ್ಟಾಗುತ್ತದೆ. ಒಂದು ಮೀಟರ್ ಅಗಲದ ಕೊಡೆಯ ಒಳಭಾಗಕ್ಕೆ ನೇರವಾಗಿ ಗಾಳಿ ನುಗ್ಗಿತು ಅಂತ ಇಟ್ಟುಕೊಳ್ಳಿ. ಗಂಟೆಗೆ 20 ಕಿಲೋಮೀಟರ್ ಗಾಳಿಗೆ ಎಳೆತ ಸುಮಾರು 2 ಕೆಜಿ ತೂಕದಷ್ಟು. 40ಕ್ಕೆ ಸುಮಾರು 8 ಕೆಜಿ. 60ಕ್ಕೆ 18 ಕೆಜಿ ದಾಟುತ್ತದೆ. ಸ್ಕೂಟರ್‌ನಲ್ಲಿ ಹಿಂದೆ ಕೂತು ಕೊಡೆ ಹಿಡಿದವರಿಗೆ ಗಾಡಿಯ ವೇಗವೂ ಗಾಳಿಗೆ ಸೇರುತ್ತದೆ. ಹಂತ 1ರಲ್ಲಿ ಬೇಡವೇ ಬೇಡ ಅಂದಿದ್ದು ಇದಕ್ಕೆ.

ಅದೇ ಕೊಡೆಯ ಉಬ್ಬಿದ ಹೊರಭಾಗವನ್ನು ಗಾಳಿಗೆ ಎದುರಾಗಿ ಹಿಡಿದರೆ, 40 ಕಿಲೋಮೀಟರ್ ಗಾಳಿಗೆ 8 ಕೆಜಿ ಇದ್ದದ್ದು ಎರಡೂವರೆ ಕೆಜಿ ಆಸುಪಾಸಿಗೆ ಇಳಿಯುತ್ತದೆ. ಗಾಳಿ ಉಬ್ಬಿನ ಮೇಲಿಂದ ಜಾರಿ ಹೋಗುತ್ತದೆ. ಕೊಡೆ ತಿರುವಿ ಹಾಕುವುದು ಹೆಚ್ಚಾಗಿ ಬೀದಿ ತಿರುವಿನಲ್ಲಿ, ಕಟ್ಟಡದ ಮೂಲೆ ದಾಟಿದ ಕೂಡಲೇ. ಅಲ್ಲಿಯವರೆಗೆ ಎದುರಿಗಿದ್ದ ಗಾಳಿ ಒಮ್ಮೆಲೇ ಪಕ್ಕದಿಂದ ಒಳಗೆ ನುಗ್ಗುತ್ತದೆ. ಮೂಲೆಗೆ ಎರಡು ಹೆಜ್ಜೆ ಮೊದಲೇ ಕೊಡೆಯನ್ನು ತಲೆಯ ಹತ್ತಿರ ಇಳಿಸಿ, ಎರಡೂ ಕೈಯಲ್ಲಿ ಹಿಡಿಯಿರಿ.

ಎರಡು ಪದರದ ಕೊಡೆ ಅಂತ ಸಿಗುತ್ತದೆ. ಮೇಲಿನ ಪದರ ಕೆಳಗಿನದರ ತೂತಿನ ಮೇಲೆ ಟೋಪಿಯ ಹಾಗೆ ಕೂತಿರುತ್ತದೆ. ಒಳಗೆ ನುಗ್ಗಿದ ಗಾಳಿ ಆ ಸಂದಿಯಲ್ಲಿ ಹೊರಗೆ ಹೋಗುತ್ತದೆ. ಕೆಲವದರಲ್ಲಿ ಎರಡನೇ ಪದರ ಬರೀ ಅಲಂಕಾರ, ಪೂರ್ತಿ ಹೊಲಿದುಬಿಟ್ಟಿರುತ್ತಾರೆ. ಬೆರಳು ತೂರಿಸಿ ನೋಡಿ. ಬೆರಳು ಹೊರಬರದಿದ್ದರೆ ಗಾಳಿಯೂ ಹೊರಬರುವುದಿಲ್ಲ.

"ಗಾಳಿಗೆ ಜಗ್ಗದ ಕೊಡೆ" ಅಂತ ಬರೆದದ್ದಕ್ಕೂ ಮಿತಿ ಇದೆ. ಗಾಳಿಯ ಬಲ ಅಳೆಯುವ ಬ್ಯೂಫೋರ್ಟ್ ಮಾಪಕದಲ್ಲಿ 6ನೇ ದರ್ಜೆಗೆ, ಅಂದರೆ ಗಂಟೆಗೆ 39ರಿಂದ 49 ಕಿಲೋಮೀಟರ್ ಗಾಳಿಗೆ, ಕೊಟ್ಟಿರುವ ಗುರುತುಗಳಲ್ಲಿ ಒಂದು "ಕೊಡೆ ಹಿಡಿಯುವುದು ಕಷ್ಟ" ಎನ್ನುವುದು. ದೊಡ್ಡ ಕೊಂಬೆಗಳು ಅಲುಗಾಡುತ್ತಿವೆ, ತಂತಿಗಳು ಸಿಳ್ಳೆ ಹಾಕುತ್ತಿವೆ ಅಂದರೆ ನೀವು ಆ ಮಟ್ಟದಲ್ಲಿದ್ದೀರಿ. ಅದಕ್ಕಿಂತ ಮೇಲೆ ಕೊಡೆ ಮುಚ್ಚಿ ನೆನೆಯುವುದೇ ವಾಸಿ. ಸಿಡಿಲಿನ ಮಳೆಯಲ್ಲಿ ಬಯಲಿನಲ್ಲಿ ಕೊಡೆ ಹಿಡಿದು ನಡೆಯುವುದೂ ಬೇಡ. ಬೆಂಗಳೂರಿನವರು ಏಪ್ರಿಲ್, ಮೇ ತಿಂಗಳ ಸಂಜೆಗಳಲ್ಲಿ ಇದನ್ನು ನೆನಪಿಟ್ಟುಕೊಳ್ಳಬೇಕು.

ಕೊಡೆ ತಿರುವಿಕೊಂಡರೆ ಕಡ್ಡಿ ಹಿಡಿದು ಬಲವಾಗಿ ಎಳೆಯಬೇಡಿ. ಮೊದಲು ಗಾಳಿಗೆ ಬೆನ್ನು ಹಾಕಿ. ಕೋಲಿನ ಮೇಲೆ ಜಾರುವ ಭಾಗವನ್ನು ಕೆಳಗೆ ಎಳೆದು ಮುಚ್ಚಿ. ಒಳ್ಳೆಯ ಚೌಕಟ್ಟು ಮುಚ್ಚುವಾಗಲೇ ತಾನಾಗಿ ಸರಿಯಾಗುತ್ತದೆ. ಆಗದಿದ್ದರೆ ಯಾವುದೋ ಕೀಲು ಆಗಲೇ ಬಾಗಿದೆ.

## ಹಂತ 6: ರೇನ್‌ಕೋಟಿನ ಬಟ್ಟೆ

ಪೇಟೆಯಲ್ಲಿ ಹೆಚ್ಚಾಗಿ ಸಿಗುವುದು ಎರಡು ಬಗೆ. ಮೊದಲನೆಯದು ಪಿವಿಸಿ. ದಪ್ಪ, ಪ್ಲಾಸ್ಟಿಕ್ ವಾಸನೆ, ಬೆಲೆ ಕಡಿಮೆ. ನೀರು ಒಳಗೆ ಬರುವುದೇ ಇಲ್ಲ, ಬೆವರು ಹೊರಗೆ ಹೋಗುವುದೂ ಇಲ್ಲ. ಮಡಚಿದ ಗೆರೆಯಲ್ಲೇ ಒಡೆಯುತ್ತದೆ. ಎರಡನೆಯದು ನೈಲಾನ್ ಅಥವಾ ಪಾಲಿಯೆಸ್ಟರ್ ಬಟ್ಟೆಯ ಒಳಗಡೆ ಪಿಯು ಲೇಪನ ಹಚ್ಚಿದ್ದು. ಹಗುರ, ಚಿಕ್ಕದಾಗಿ ಮಡಚಬಹುದು. ದಿನಾ ಗಾಡಿ ಓಡಿಸುವವರಿಗೆ ಇದೇ ಸರಿ. ಆದರೆ ಈ ಲೇಪನ ಸೆಕೆ ಮತ್ತು ತೇವ ಎರಡೂ ಸೇರಿದ ಕಡೆ ನಿಧಾನವಾಗಿ ಹಾಳಾಗುತ್ತದೆ. ಒದ್ದೆ ರೇನ್‌ಕೋಟನ್ನು ಸೀಟಿನ ಕೆಳಗೆ ಉಂಡೆ ಮಾಡಿ ತುರುಕಿದರೆ ಅದು ಎರಡನೇ ಮಳೆಗಾಲ ನೋಡುವುದು ಅನುಮಾನ.

ಚೀಟಿಯಲ್ಲಿ 1500 ಮಿಮೀ, 5000 ಮಿಮೀ ಅನ್ನುವ ಅಂಕಿ ಕೆಲವದರಲ್ಲಿ ಇರುತ್ತದೆ. ಬಟ್ಟೆಯ ಮೇಲೆ ಕೊಳವೆ ನಿಲ್ಲಿಸಿ ನೀರು ತುಂಬುತ್ತಾ ಹೋದರೆ, ಎಷ್ಟು ಎತ್ತರದ ನೀರನ್ನು ಬಟ್ಟೆ ತಡೆಯುತ್ತದೆ ಅನ್ನುವ ಅಳತೆ ಅದು. ಸುಮ್ನೆ ನಿಂತು ಬಸ್ಸಿಗೆ ಕಾಯುವವರಿಗೆ 1500 ನಡೆಯುತ್ತದೆ. ಗಾಡಿಯಲ್ಲಿ ಹಾಗಲ್ಲ. ಸೀಟಿನ ಮೇಲೆ ಕೂತ ಜಾಗದಲ್ಲಿ ಮೈಭಾರ ಬಟ್ಟೆಯನ್ನು ನೀರಿಗೆ ಒತ್ತುತ್ತದೆ. ಬ್ಯಾಗಿನ ಪಟ್ಟಿ ಹೆಗಲಿನ ಮೇಲೆ ಒತ್ತುತ್ತದೆ. ಅವರಿಗೆ 5000 ಅಥವಾ ಅದಕ್ಕಿಂತ ಮೇಲಿನದು ಇರಲಿ. ಅಂಕಿಯೇ ಇಲ್ಲದಿದ್ದರೆ ಬಟ್ಟೆಗೆ ಬಾಯಿ ಒತ್ತಿ ಒಳಗಿನಿಂದ ಜೋರಾಗಿ ಊದಿ ನೋಡಿ. ಆಚೆ ಕೈಗೆ ಗಾಳಿ ತಾಗಿದರೆ ಲೇಪನ ತೆಳುವಾಗಿದೆ.

"ಉಸಿರಾಡುವ ಬಟ್ಟೆ" ಅಂತ ದುಬಾರಿ ರೇನ್‌ಕೋಟ್‌ಗಳೂ ಬರುತ್ತವೆ. ಒಳಗಿನ ಆವಿ ಹೊರಗೆ ಹೋಗಬೇಕಾದರೆ ಹೊರಗಿನ ಗಾಳಿ ಒಳಗಿನದಕ್ಕಿಂತ ಒಣಗಿರಬೇಕು. ಜುಲೈ ತಿಂಗಳ ಮಂಗಳೂರಿನಲ್ಲಿ ಅಂಥ ಒಣ ಗಾಳಿ ಎಲ್ಲಿ ಸಿಗಬೇಕು? ತಂಪು ಊರುಗಳಲ್ಲಿ ಅದರ ಲಾಭ ಇದೆ, ಕರಾವಳಿಯಲ್ಲಿ ಬಹಳ ಕಡಿಮೆ. ಆ ದುಡ್ಡಿಗೆ ಬೆನ್ನಿನ ಮೇಲೆ ಮುಚ್ಚಳ ಇರುವ ಗಾಳಿಕಂಡಿ ಮತ್ತು ಒಳಗೆ ಜಾಲರಿ ಇರುವುದನ್ನು ಕೊಳ್ಳಿ.

## ಹಂತ 7: ಹೊಲಿಗೆ, ಜಿಪ್, ತೊಡೆಸಂದಿ

ರೇನ್‌ಕೋಟನ್ನು ಅಂಗಡಿಯಲ್ಲೇ ಒಳಗು ಹೊರಗು ಮಾಡಿ. ಪ್ರತಿ ಹೊಲಿಗೆಯ ಮೇಲೂ ಬೆರಳಗಲದ ಟೇಪು ಬಿಸಿಯಲ್ಲಿ ಅಂಟಿಸಿರಬೇಕು. ಸೂಜಿ ಹೋದ ಕಡೆಯೆಲ್ಲ ತೂತು, ಆ ತೂತು ಮುಚ್ಚುವುದು ಈ ಟೇಪು ಮಾತ್ರ. ಉಗುರಿನಿಂದ ಟೇಪಿನ ಅಂಚನ್ನು ಮೆಲ್ಲಗೆ ಕೆರೆಯಿರಿ. ಎದ್ದು ಬಂದರೆ, ಅಥವಾ ಟೇಪಿನ ಕೆಳಗೆ ಗುಳ್ಳೆ ಗುಳ್ಳೆಯಾಗಿ ಗಾಳಿ ಇದ್ದರೆ ಬೇಡ. ಜೇಬಿನ ಸುತ್ತ, ಟೋಪಿ ಕತ್ತಿಗೆ ಸೇರುವಲ್ಲಿ ಟೇಪು ಉಳಿಸುವುದು ತಯಾರಕರ ಹಳೆಯ ಚಾಳಿ, ಅಲ್ಲಿ ತಪ್ಪದೆ ನೋಡಿ.

ಈಗ ಎಲ್ಲಕ್ಕಿಂತ ಜಾಸ್ತಿ ದೂರು ಬರುವ ಜಾಗ: ಪ್ಯಾಂಟಿನ ತೊಡೆಸಂದಿ. ಗಾಡಿಯಲ್ಲಿ ಕೂತಾಗ ಜಾಕೆಟ್ಟಿನಿಂದ ಇಳಿದ ನೀರೆಲ್ಲ ಮಡಿಲಲ್ಲಿ ನಿಂತು, ಅಲ್ಲಿಂದ ನೇರವಾಗಿ ನಡುವಿನ ಹೊಲಿಗೆಗೆ ಹೋಗುತ್ತದೆ. ಸಾಮಾನ್ಯ ಪ್ಯಾಂಟಿನಲ್ಲಿ ನಾಲ್ಕು ಹೊಲಿಗೆ ಅಲ್ಲೇ ಬಂದು ಸೇರುತ್ತವೆ. ಟೇಪಿನ ಮೇಲೆ ಟೇಪು ಬಂದು ದಪ್ಪವಾಗಿ, ಕೂತು ಎದ್ದು ಮಾಡುವಾಗ ಮೊದಲು ಬಿಡುವುದೂ ಅದೇ. ಒಳ್ಳೆಯ ಪ್ಯಾಂಟಿನಲ್ಲಿ ಅಲ್ಲಿ ವಜ್ರಾಕಾರದ ಒಂದು ಬೇರೆ ತುಂಡು ಕೂರಿಸಿ, ಹೊಲಿಗೆಗಳು ಒಂದೇ ಕಡೆ ಸೇರದ ಹಾಗೆ ಮಾಡಿರುತ್ತಾರೆ. ಅದಿಲ್ಲದಿದ್ದರೆ ಕನಿಷ್ಠ ಆ ಕೂಡುವ ಜಾಗದ ಮೇಲೆ ಅಗಲವಾದ ಒಂದು ತೇಪೆ ಇರಬೇಕು. ಎರಡೂ ಇಲ್ಲದ ಪ್ಯಾಂಟನ್ನು ಎಷ್ಟು ಕಡಿಮೆಗೆ ಕೊಟ್ಟರೂ ಗಾಡಿಗೆ ಅಂತ ಕೊಳ್ಳಬೇಡಿ.

ಜಿಪ್ ಯಾವುದೇ ಇರಲಿ, ಅದರ ಮೇಲೆ ಪಟ್ಟಿ ಇರಬೇಕು. ಹೊರಗೊಂದು, ಒಳಗೊಂದು ಇದ್ದರೆ ಉತ್ತಮ. ಹೊರ ಪಟ್ಟಿಯನ್ನು ಕೆಳಗಿನಿಂದ ಕತ್ತಿನವರೆಗೆ ವೆಲ್ಕ್ರೋ ಪೂರ್ತಿ ಹಿಡಿದಿರಬೇಕು. ನಡುನಡುವೆ ನಾಲ್ಕು ಒತ್ತು ಗುಂಡಿ ಮಾತ್ರ ಇದ್ದರೆ ಎದುರು ಗಾಳಿ ಆ ಸಂದಿಗಳನ್ನು ಅಗಲ ಮಾಡುತ್ತದೆ.

## ಹಂತ 8: ಕೂತು ನೋಡಿ ಅಳತೆ ತೆಗೆಯಿರಿ

ಕನ್ನಡಿ ಮುಂದೆ ನಿಂತು ನೋಡಿದ ಅಳತೆ ನಡೆಯುವವರಿಗೆ. ಗಾಡಿಯವರು ಅಂಗಡಿಯ ಸ್ಟೂಲಿನ ಮೇಲೆ ಕೂತು, ಕೈ ಮುಂದೆ ಚಾಚಿ ನೋಡಬೇಕು. ತೋಳು ಮೇಲೆ ಹೋಗುತ್ತದೆ, ಪ್ಯಾಂಟಿನ ಕಾಲು ಮೇಲೇರುತ್ತದೆ, ಜಾಕೆಟ್ ಬೆನ್ನ ಹಿಂದೆ ಎದ್ದು ನಿಲ್ಲುತ್ತದೆ.

ಅಕ್ಕನ ಮಗಳ ಉದಾಹರಣೆಗೆ ಬರೋಣ. ಅವಳು ನಿಂತು ನೋಡಿದಾಗ ಮಧ್ಯಮ ಅಳತೆ ಸರಿಯಾಗಿಯೇ ಇತ್ತು. ಕೂತಾಗ ಪ್ಯಾಂಟು ಪಾದದ ಗಂಟಿನಿಂದ ನಾಲ್ಕು ಬೆರಳು ಮೇಲೆ ಹೋಯಿತು, ಎಂದರೆ ನೀರು ನೇರ ಶೂ ಒಳಗೆ. ಪ್ಯಾಂಟನ್ನು ಒಂದು ಅಳತೆ ದೊಡ್ಡದು ತೆಗೆದುಕೊಂಡಳು. ಜಾಕೆಟ್ ಮಾತ್ರ ಮಧ್ಯಮವೇ ಇರಲಿ ಅಂದಳು, ಯಾಕೆಂದರೆ ಬ್ಯಾಗನ್ನು ಕಾಲಿನ ಹತ್ತಿರ ಇಟ್ಟುಕೊಳ್ಳುತ್ತಾಳೆ. ಬ್ಯಾಗ್ ಬೆನ್ನಿಗೆ ಹಾಕಿ ಅದರ ಮೇಲೆ ಜಾಕೆಟ್ ಹಾಕುವವರು ಮಾತ್ರ ಜಾಕೆಟನ್ನೂ ದೊಡ್ಡದು ಕೊಳ್ಳಬೇಕು. ಸುಮ್ನೆ ದೊಡ್ಡದು ಕೊಂಡರೆ ಅಡ್ಡ ಗಾಳಿಗೆ ಅದು ಉಬ್ಬಿ ಗಾಡಿಯನ್ನೇ ಪಕ್ಕಕ್ಕೆ ಎಳೆಯುತ್ತದೆ. ಕೂಳೂರು ಸೇತುವೆಯ ಮೇಲೆ ಅದು ತಮಾಷೆಯ ವಿಷಯವಲ್ಲ.

ಹೆಲ್ಮೆಟ್ ಹಾಕಿ ಕತ್ತು ನೋಡಿ. ಹೆಲ್ಮೆಟ್ಟಿನ ಹಿಂದಿನ ಅಂಚಿನಿಂದ ಇಳಿಯುವ ನೀರು ಕಾಲರಿನ ಹೊರಗೆ ಬೀಳಬೇಕು. ಟೋಪಿಯನ್ನು ಹೆಲ್ಮೆಟ್ ಒಳಗೆ ಹಾಕುವವರಿದ್ದಾರೆ. ಹಾಗೆ ಮಾಡಿದರೆ ಹೆಲ್ಮೆಟ್ ಬಿಗಿಯಾಗಿ ಕೂರುವುದಿಲ್ಲ, ಪಕ್ಕದ ಗಾಡಿಯ ಸದ್ದೂ ಸರಿಯಾಗಿ ಕೇಳುವುದಿಲ್ಲ. ಎತ್ತರದ ಕಾಲರ್ ಇದ್ದು, ಟೋಪಿಯನ್ನು ಸುತ್ತಿ ಒಳಗಿಡಲು ಬರುವ ಜಾಕೆಟ್ ನನಗೆ ಹೆಚ್ಚು ಇಷ್ಟ.

ತೋಳಿನ ತುದಿಯಲ್ಲಿ ಒಳಗೊಂದು ಎಲಾಸ್ಟಿಕ್ ಕಫ್ ಇರಲಿ. ಮೈತುಂಬ ಹೊದೆಯುವ ಉದ್ದ ಕೋಟು, ಪೋಂಚೋ ಎಲ್ಲ ನಡೆಯುವವರಿಗೆ ಚೆನ್ನ. ಗಾಡಿಯಲ್ಲಿ ಅದರ ಅಂಚು ಚಕ್ರಕ್ಕೆ ಸಿಕ್ಕರೆ ಬೀಳುವುದು ಖಂಡಿತ. ಬಣ್ಣ ಹಳದಿ, ಕಿತ್ತಳೆ ಇರಲಿ, ಬೆನ್ನಿಗೂ ತೋಳಿಗೂ ಬೆಳಕು ಬಿದ್ದರೆ ಹೊಳೆಯುವ ಪಟ್ಟಿ ಇರಲಿ. ಕಪ್ಪು ರೇನ್‌ಕೋಟಿಗೆ ಕೊಳೆ ಕಾಣುವುದಿಲ್ಲ ನಿಜ, ಸಂಜೆ ಆರರ ಮಳೆಯಲ್ಲಿ ಹಿಂದಿನ ಲಾರಿಗೆ ನೀವೂ ಕಾಣುವುದಿಲ್ಲ.

## ಹಂತ 9: ಬಿಲ್ಲು ಎಸೆಯುವ ಮೊದಲು ಬಚ್ಚಲಲ್ಲಿ ಪರೀಕ್ಷೆ

ಒಳಗೆ ಬೂದು ಬಣ್ಣದ ಹತ್ತಿ ಬಟ್ಟೆ ಹಾಕಿ, ನೀರು ತಾಗಿದ ಕಡೆ ಅದು ಕಪ್ಪಾಗಿ ಎದ್ದು ಕಾಣುತ್ತದೆ. ಮೇಲೆ ರೇನ್‌ಕೋಟ್ ಹಾಕಿ, ಬಚ್ಚಲಲ್ಲಿ ಸ್ಟೂಲಿನ ಮೇಲೆ ಕೂತು, ಶವರ್ ಕೆಳಗೆ ಹತ್ತು ನಿಮಿಷ ಇರಿ. ಶವರ್ ಇಲ್ಲದಿದ್ದರೆ ಮನೆಯವರ ಕೈಗೆ ಚೊಂಬು ಕೊಡಿ. ಮಡಿಲಲ್ಲಿ ನೀರು ನಿಲ್ಲುವ ಹಾಗೆ ಬೇಕೆಂದೇ ಕೂರಬೇಕು.

ಬಿಚ್ಚಿದ ಮೇಲೆ ಒದ್ದೆಯ ಆಕಾರ ನೋಡಿ. ಗೆರೆಯ ಹಾಗೆ, ಹೊಲಿಗೆಯ ಸಾಲಿನಲ್ಲೇ ಒದ್ದೆಯಾಗಿದ್ದರೆ ಟೇಪು ಸೋರಿದೆ. ಎದೆಯ ನಡುವೆ ನೇರ ಪಟ್ಟಿ ಇದ್ದರೆ ಜಿಪ್. ಕತ್ತಿನಿಂದ ಬೆನ್ನಿಗೆ ಇಳಿದಿದ್ದರೆ ಕಾಲರ್. ಬೆನ್ನು, ಕಂಕುಳಲ್ಲಿ ಗಡಿ ಇಲ್ಲದೆ ಮಂಕಾಗಿ, ಬೆಚ್ಚಗೆ ಒದ್ದೆಯಿದ್ದರೆ ಅದು ಬೆವರು, ರೇನ್‌ಕೋಟಿನ ತಪ್ಪಲ್ಲ. ಬೆವರನ್ನು ಸೋರಿಕೆ ಅಂದುಕೊಂಡು ಒಳ್ಳೆಯ ಕೋಟನ್ನು ವಾಪಸ್ ಕೊಟ್ಟವರು ಬಹಳ ಮಂದಿ.

ಕೊಡೆಯನ್ನೂ ಇದೇ ಹೊತ್ತಿಗೆ ಶವರ್ ಕೆಳಗೆ ಹಿಡಿದು, ಒಳಗೆ ಒಣ ಕೈ ಆಡಿಸಿ. ಕೈಗೆ ತುಂತುರು ತಾಗಿದರೆ ಮಾರನೇ ದಿನವೇ ಬದಲಾಯಿಸಿಕೊಳ್ಳಿ.

## ಹಂತ 10: ಬಳಸುವಾಗ ಕಣ್ಣಿಡಬೇಕಾದ ಗುರುತುಗಳು

ಕೊಡೆಯ ಬಟ್ಟೆಯ ಮೇಲೆ ಕಂದು ಚುಕ್ಕೆ ಕಂಡರೆ ಆ ಜಾಗದ ಕೀಲು ತುಕ್ಕು ಹಿಡಿಯುತ್ತಿದೆ. ಕಡಲ ಹತ್ತಿರ ಇರುವವರು ವಾರಕ್ಕೊಮ್ಮೆ ಸಿಹಿನೀರಿನಲ್ಲಿ ಕೊಡೆ ತೊಳೆದು, ಅರ್ಧ ಬಿಚ್ಚಿ ಒಣಗಿಸಿ. ಕೀಲಿಗೆ ಹೊಲಿಗೆ ಯಂತ್ರದ ಎಣ್ಣೆ ಒಂದು ಹನಿ ಸಾಕು. ಕೊಬ್ಬರಿ ಎಣ್ಣೆ ಹಾಕಬೇಡಿ, ದಿನ ಕಳೆದಂತೆ ಅಂಟಾಗಿ ಧೂಳು ಹಿಡಿಯುತ್ತದೆ. ಕಡ್ಡಿಯ ತುದಿಯ ದಾರ ಬಿಟ್ಟರೆ ಅದೇ ದಿನ ಹೊಲಿಯಿರಿ. ಸೂಜಿದಾರದ ಐದು ನಿಮಿಷದ ಕೆಲಸ, ಬಿಟ್ಟರೆ ಮುಂದಿನ ಗಾಳಿಗೆ ಆ ಕಡ್ಡಿ ಹೋಗುತ್ತದೆ. ರಿವೆಟ್ ತೂತು ಅಗಲವಾಗಿದ್ದರೆ ರಿಪೇರಿಯವರಿಗೆ ಕೊಡಿ. ಒಂದೆರಡು ಕಡ್ಡಿಯಾದರೆ ರಿಪೇರಿ ಸರಿ, ಮೂರನೆಯದೂ ಹೋದರೆ ಹೊಸದೇ ಲೇಸು.

ರೇನ್‌ಕೋಟಿನ ಒಳಗಡೆ ಬಿಳಿ ಪುಡಿ ಉದುರಿದರೆ, ಅಥವಾ ಮಡಚಿಟ್ಟದ್ದು ಅಂಟಿಕೊಂಡು ಬಿಚ್ಚುವಾಗ ಚರಚರ ಅಂದರೆ, ಪಿಯು ಲೇಪನದ ಆಯಸ್ಸು ಮುಗಿದಿದೆ. ಅದಕ್ಕೆ ಮದ್ದಿಲ್ಲ. ಟೇಪು ಮಾತ್ರ ಎದ್ದಿದ್ದರೆ ಹೊಲಿಗೆಗೆ ಹಚ್ಚುವ ಸೀಲರ್ ಸಿಗುತ್ತದೆ, ಒಣಗಿದ ಬಟ್ಟೆಗೆ ಹಚ್ಚಿ ಒಂದು ರಾತ್ರಿ ಬಿಟ್ಟರೆ ಆ ಮಳೆಗಾಲ ಕಳೆಯಬಹುದು. ವಾಷಿಂಗ್ ಮಷಿನ್, ಇಸ್ತ್ರಿ, ಬ್ರಷ್ ಮೂರೂ ಬೇಡ. ನೆರಳಿನಲ್ಲಿ ಹ್ಯಾಂಗರ್‌ಗೆ ಹಾಕಿ, ಒಳಭಾಗ ಹೊರಗೆ ಮಾಡಿ ಒಣಗಿಸಿ. ಆಫೀಸಿನಲ್ಲಿ ಜಾಗ ಇಲ್ಲದಿದ್ದರೆ ಪಾರ್ಕಿಂಗ್‌ನ ಯಾವುದಾದರೂ ಕೊಕ್ಕೆಗೆ ತೂಗುಹಾಕಿ. ಸೀಟಿನ ಕೆಳಗಿನ ಪೆಟ್ಟಿಗೆಗೆ ಹೋಗಬೇಕಾದದ್ದು ಒಣಗಿದ ರೇನ್‌ಕೋಟ್ ಮಾತ್ರ.